ಆಟೋ ಸೀಟಿನ ಸಂದಿಗೆ ಬಿದ್ದ ಫೋನು, ಅದರೊಳಗೆ ಉಳಿದ ಐದು ಖಾತೆ: ಒಂದು ಪ್ರಕರಣ ಅಧ್ಯಯನ

ಶನಿವಾರ ಸಂಜೆ ಆರೂ ಮುಕ್ಕಾಲು. ಮೆಜೆಸ್ಟಿಕ್‌ನಿಂದ ಜಯನಗರಕ್ಕೆ ಆಟೋದಲ್ಲಿ ಬಂದಿಳಿದ ಯುವತಿಯೊಬ್ಬಳು ಅಣ್ಣನ ಮನೆಯ ಗೇಟು ತೆಗೆಯುವಾಗ ಬ್ಯಾಗಿಗೆ ಕೈ ಹಾಕಿದಳು, ಫೋನ್ ಇಲ್ಲ. ಅಣ್ಣನ ಫೋನಿನಿಂದ ಕರೆ ಮಾಡಿದರೆ ನಾಲ್ಕು ಸಲ ರಿಂಗಾಯಿತು, ಐದನೆಯ ಸಲಕ್ಕೆ ಸ್ವಿಚ್ ಆಫ್. ಬ್ಯಾಟರಿ ಆಗಲೇ ಶೇಕಡಾ ಮೂರಕ್ಕೆ ಇಳಿದಿತ್ತಂತೆ.

ವಿಜಯನಗರದ ಮನೆಯಿಂದಲೇ ಸಣ್ಣ ಸಂಸ್ಥೆಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ಆಕೆಯ ಕೆಲಸ. ಕಳೆದ ಆಂಡ್ರಾಯ್ಡ್ ಫೋನಿನಲ್ಲಿ, ಪಾಸ್‌ವರ್ಡ್ ಆದಮೇಲೆ ಕೇಳುವ ಆರಂಕಿಯ ಕೋಡು ತೋರಿಸುವ ಗೂಗಲ್ ಅಥೆಂಟಿಕೇಟರ್ ಆ್ಯಪ್ ಇತ್ತು, ಅದರಲ್ಲಿ ಐದು ಖಾತೆಗಳ ಕೋಡು: ಗೂಗಲ್ ಮೇಲ್, ಬರೆದ ಪ್ರೋಗ್ರಾಮ್‌ಗಳನ್ನು ಇಡುವ ಗಿಟ್‌ಹಬ್, ಗ್ರಾಹಕ ಕಂಪನಿಯೊಂದು ಕೊಟ್ಟಿದ್ದ ಮೈಕ್ರೋಸಾಫ್ಟ್ ಖಾತೆ, ಗ್ರಾಹಕರ ಡೊಮೇನ್‌ಗಳನ್ನೆಲ್ಲ ಇಟ್ಟಿದ್ದ ಒಬ್ಬ ಡೊಮೇನ್ ಮಾರಾಟಗಾರರ ಖಾತೆ, ಮತ್ತು ಷೇರು ಬ್ರೋಕರ್ ಖಾತೆ. ಐದಕ್ಕೂ ಪಾಸ್‌ವರ್ಡ್ ಗೊತ್ತಿತ್ತು. ಆದರೂ ಒಂದು ಖಾತೆ ಆ ರಾತ್ರಿಯೇ ತೆರೆಯಿತು, ಇನ್ನೊಂದಕ್ಕೆ ಹದಿಮೂರು ದಿನ ಹಿಡಿಯಿತು. ಈ ವ್ಯತ್ಯಾಸ ಎಲ್ಲಿಂದ ಬಂತು ಎನ್ನುವುದೇ ಇಲ್ಲಿನ ವಿಷಯ.

ಫೋನಿನಲ್ಲಿ ನಿಜವಾಗಿ ಏನಿತ್ತು

"ಹಳೇ ಫೋನಿನ ಕೋಡುಗಳನ್ನು ಹೊಸ ಫೋನಿಗೆ ಹಾಕಿಕೊಡಿ" ಎಂದು ಮೊಬೈಲ್ ಅಂಗಡಿಗೆ ಬರುವವರು ಬಹಳ ಮಂದಿ. ಆ ಆರಂಕಿಯ ಕೋಡು ಎಲ್ಲಿಂದಲೋ ಬರುತ್ತದೆ, ಹೊಸ ಫೋನಿನಲ್ಲಿ ಅದೇ ಆ್ಯಪ್ ಹಾಕಿದರೆ ಅಲ್ಲಿಗೂ ಬಂದೀತು ಎಂಬ ಎಣಿಕೆ ಇದರ ಹಿಂದಿದೆ. ಬ್ಯಾಂಕಿನ ಒಟಿಪಿ ಹಾಗೇ ಬರುತ್ತದೆ, ನಿಜ. ನಂಬರ್ ಯಾವ ಫೋನಿನಲ್ಲಿದೆಯೋ ಅಲ್ಲಿಗೆ ಬರುತ್ತದೆ. ಅಥೆಂಟಿಕೇಟರ್ ಕೋಡು ಎಲ್ಲಿಂದಲೂ ಬರುವುದಿಲ್ಲ. ಫೋನೇ ಅದನ್ನು ಲೆಕ್ಕ ಹಾಕುತ್ತದೆ, ಇಂಟರ್ನೆಟ್ ಇಲ್ಲದಿದ್ದರೂ ಹಾಕುತ್ತದೆ.

ಮೊದಲ ದಿನ ಸ್ಕ್ಯಾನ್ ಮಾಡಿದ ಕ್ಯೂಆರ್ ಚೌಕದೊಳಗೆ ಇದ್ದದ್ದು ಇಂಥ ಒಂದು ಸಾಲು:

```
otpauth://totp/GitHub:udaharane?secret=JBSWY3DPEHPK3PXP&issuer=GitHub
```

ಇದರಲ್ಲಿ `secret=` ಆದಮೇಲೆ ಬರುವ ಅಕ್ಷರಗಳೇ ಗುಟ್ಟಿನ ಕೀಲಿ. ಅದರ ಒಂದು ಪ್ರತಿ ಗಿಟ್‌ಹಬ್‌ನ ಸರ್ವರ್‌ನಲ್ಲಿ, ಇನ್ನೊಂದು ಪ್ರತಿ ಫೋನಿನಲ್ಲಿ. ಎರಡೂ ಕಡೆ ಈಗಿನ ಸಮಯವನ್ನು 30 ಸೆಕೆಂಡಿನ ತುಂಡುಗಳಾಗಿ ಎಣಿಸಿ, ಆ ಎಣಿಕೆಯನ್ನು ಕೀಲಿಯ ಜೊತೆ ಕಲಸಿ, ಬಂದದ್ದರಲ್ಲಿ ಆರು ಅಂಕಿ ತೆಗೆಯುತ್ತಾರೆ. ಎರಡೂ ಕಡೆ ಒಂದೇ ಅಂಕಿ ಬಂದರೆ ಬಾಗಿಲು ತೆರೆಯುತ್ತದೆ. 2011ರಲ್ಲಿ RFC 6238 ಎಂಬ ಹೆಸರಿನಲ್ಲಿ ಪ್ರಕಟವಾದ ಪದ್ಧತಿ ಇದು. ಗೂಗಲ್ ಆ್ಯಪ್ ಆಗಲಿ, ಮೈಕ್ರೋಸಾಫ್ಟ್‌ನದಾಗಲಿ, ಏಜಿಸ್ ಆಗಲಿ, ಲೆಕ್ಕ ಒಂದೇ.

ಇದರಿಂದ ಎರಡು ಮಾತು ಹೊರಡುತ್ತವೆ. ಫೋನ್ ಕಳೆದರೆ ಕೀಲಿಯ ನಿಮ್ಮ ಪ್ರತಿ ಹೋಯಿತು. ಸರ್ವರ್‌ನವರು ತಮ್ಮ ಪ್ರತಿಯನ್ನು ಮತ್ತೆ ತೋರಿಸುವುದಿಲ್ಲ, ತೋರಿಸಬಾರದು ಕೂಡ. ಹಾಗಾಗಿ ಹಳೇ ಫೋನ್ ಕೈಯಲ್ಲಿ ಇಲ್ಲದಾಗ "ವರ್ಗಾವಣೆ" ಎಂಬುದೇ ಇಲ್ಲ. ಬೇರೆ ಯಾವುದಾದರೂ ದಾರಿಯಲ್ಲಿ ಖಾತೆಯೊಳಗೆ ಹೋಗಿ, ಹೊಸ ಕೀಲಿ ಮಾಡಿಸಿಕೊಂಡು, ಹೊಸ ಫೋನಿಗೆ ಅದನ್ನು ಸ್ಕ್ಯಾನ್ ಮಾಡಬೇಕು. ಹೊಸ ಕೀಲಿ ಖಾತ್ರಿಯಾದ ಕ್ಷಣಕ್ಕೆ ಹಳೆಯದು ಸತ್ತಿತು.

ಬ್ಯಾಕಪ್ ಕೋಡ್ ಆ ಬೇರೆ ದಾರಿ. ಅದಕ್ಕೆ ಗಡಿಯಾರವೂ ಬೇಡ, ಫೋನೂ ಬೇಡ. ಸರ್ವರ್‌ನಲ್ಲಿ ಬರೆದಿಟ್ಟ ಒಂದು ಪಟ್ಟಿ, ಒಂದೊಂದು ಕೋಡು ಒಂದೇ ಸಲಕ್ಕೆ. ಗೂಗಲ್ ಎಂಟಂಕಿಯ ಹತ್ತು ಕೋಡು ಕೊಡುತ್ತದೆ, ಗಿಟ್‌ಹಬ್ ಹದಿನಾರು.

ಇನ್ನೊಂದು ದಾರಿ ಇತ್ತಲ್ಲ ಎಂದು ಕೇಳಬಹುದು. 2023ರ ಏಪ್ರಿಲ್‌ನಿಂದ ಗೂಗಲ್ ಅಥೆಂಟಿಕೇಟರ್ ತನ್ನ ಕೀಲಿಗಳನ್ನು ಗೂಗಲ್ ಖಾತೆಗೆ ಸಿಂಕ್ ಮಾಡಬಲ್ಲದು. ಆಕೆ ಅದನ್ನು ಹಾಕಿಕೊಂಡಿರಲಿಲ್ಲ, ಆ್ಯಪ್‌ನ ಮೇಲ್ತುದಿಯಲ್ಲಿ ಅಡ್ಡಗೆರೆ ಬಿದ್ದ ಮೋಡದ ಚಿತ್ರ ವರ್ಷಗಟ್ಟಲೆ ಹಾಗೇ ಇತ್ತು. ಹಾಕಿಕೊಂಡಿದ್ದರೆ ನಾಲ್ಕು ಖಾತೆಗಳಿಗೆ ಕಷ್ಟವೇ ಇರುತ್ತಿರಲಿಲ್ಲ. ಆದರೆ ಐದನೆಯದಕ್ಕೆ, ಅಂದರೆ ಗೂಗಲ್ ಖಾತೆಗೇ, ಸಿಂಕ್ ಏನೂ ಮಾಡುವುದಿಲ್ಲ. ಗೂಗಲ್‌ಗೆ ಲಾಗಿನ್ ಆಗಲು ಬೇಕಾದ ಕೋಡು ಗೂಗಲ್ ಒಳಗಿದೆ, ಅದನ್ನು ತೆಗೆಯಲು ಗೂಗಲ್‌ಗೆ ಲಾಗಿನ್ ಆಗಬೇಕು. ಬೀರುವಿನ ಬೀಗದಕೈಯನ್ನು ಬೀರುವಿನೊಳಗೇ ಇಟ್ಟು ಬಾಗಿಲು ಎಳೆದುಕೊಂಡ ಹಾಗೆ. ಸಿಂಕ್ ಇರಲಿ ಬಿಡಲಿ, ಮೇಲ್ ಖಾತೆಯ ಬ್ಯಾಕಪ್ ಕೋಡು ಮಾತ್ರ ಹೊರಗೆ ಇರಲೇಬೇಕು ಎನ್ನುವುದು ಇದಕ್ಕೇ.

ಶನಿವಾರ ರಾತ್ರಿ: ಅಣ್ಣನ ಕಂಪ್ಯೂಟರ್

ಆಕೆ ಮೊದಲು ಮಾಡಿದ ಕೆಲಸ ಸರಿಯಾಗಿತ್ತು. ಅಣ್ಣನ ಫೋನಿನಿಂದ ಕಸ್ಟಮರ್ ಕೇರ್‌ಗೆ ಕರೆ ಮಾಡಿ ಸಿಮ್ ಬ್ಲಾಕ್ ಮಾಡಿಸಿದಳು. ಲಾಕ್ ಆದ ಫೋನನ್ನು ತೆರೆಯುವುದು ಸುಲಭವಲ್ಲ, ಆದರೆ ಸಿಮ್ ಕಿತ್ತು ಬೇರೆ ಫೋನಿಗೆ ಹಾಕಲು ಒಂದು ಪಿನ್ನು ಸಾಕು. ಸಿಮ್‌ಗೆ ಪಿನ್ ಲಾಕ್ ಇಲ್ಲದಿದ್ದರೆ ಎಸ್ಎಂಎಸ್ ಒಟಿಪಿಯೆಲ್ಲ ಅಲ್ಲಿಗೇ ಹೋಗುತ್ತದೆ.

ಎರಡನೆಯದಾಗಿ ಅಣ್ಣನ ಕಂಪ್ಯೂಟರ್‌ನಲ್ಲಿ ಮೇಲ್ ತೆರೆಯಲು ಹೊರಟಳು. ಪಾಸ್‌ವರ್ಡ್ ಹಾಕಿದ ಮೇಲೆ ಗೂಗಲ್ ಕೋಡನ್ನು ಕೇಳಲೇ ಇಲ್ಲ. ನಿಮ್ಮ ಫೋನಿಗೆ ಸೂಚನೆ ಕಳಿಸಿದ್ದೇವೆ, ಅದರಲ್ಲಿ "Yes" ಒತ್ತಿ ಎಂದಿತು. ಕಳೆದ ಫೋನಿಗೇ ಕಳಿಸಿತ್ತು. ಇಲ್ಲಿ ಎಷ್ಟೋ ಜನ ಕಂಗಾಲಾಗಿ ಪುಟ ಮುಚ್ಚಿಬಿಡುತ್ತಾರೆ. ಅದೇ ಪುಟದ ಕೆಳಗೆ "Try another way" ಎಂದಿರುತ್ತದೆ. ಅದನ್ನು ಒತ್ತಿದರೆ ಬರುವ ಪಟ್ಟಿಯಲ್ಲಿ ಎಂಟಂಕಿಯ ಬ್ಯಾಕಪ್ ಕೋಡ್ ಹಾಕುವ ಆಯ್ಕೆಯೂ ಇರುತ್ತದೆ.

ಆಕೆಯ ಹತ್ತಿರ ಬ್ಯಾಕಪ್ ಕೋಡ್ ಇತ್ತು. ಅಣ್ಣನ ಫೋನಿನಿಂದಲೇ ವಿಜಯನಗರಕ್ಕೆ ಕರೆ.

"ಅಮ್ಮಾ, ಬೀರೂನಲ್ಲಿ ಎಲ್‌ಐಸಿ ಫೈಲ್ ಇದೆಯಲ್ಲ, ಅದರೊಳಗೆ ನಂಬರ್ ಇರೋ ಒಂದು ಹಾಳೆ ಮಡಚಿಟ್ಟಿದೀನಿ, ತೆಗಿ."

"ಸಿಕ್ತು ಕಣೇ. ಸಾಲಾಗಿ ಹತ್ತು ನಂಬರ್ ಇದೆ. ಮೊದಲನೇದು ಓದ್ಲಾ?"

ಓದಿದರು, ಹಾಕಿದಳು, ತಪ್ಪು ಕೋಡು ಎಂದು ಬಂತು. ಎರಡನೆಯದೂ ತಪ್ಪು. ಕನ್ನಡಕ ಹಾಕಿಕೊಂಡು ಮತ್ತೆ ಓದಿದರು, ಮೂರನೆಯದೂ ತಪ್ಪು. ಆರನೆಯದರ ಹೊತ್ತಿಗೆ ತುಂಬಾ ಸಲ ತಪ್ಪಾಗಿದೆ, ಆಮೇಲೆ ಬನ್ನಿ ಎಂದು ಗೂಗಲ್ ಆ ದಾರಿಯನ್ನೇ ಮುಚ್ಚಿತು.

ಅಮ್ಮ ಓದಿದ್ದು ಸರಿಯಾಗಿಯೇ ಇತ್ತು, ಹಾಳೆ ಹಳೆಯದಾಗಿತ್ತು. ಎರಡು ವರ್ಷದ ಕೆಳಗೆ ಮುದ್ರಿಸಿದ ಪಟ್ಟಿ ಅದು. ಆಮೇಲೆ ಯಾವಾಗಲೋ ಲ್ಯಾಪ್‌ಟಾಪಿನಲ್ಲಿ ಸೆಟ್ಟಿಂಗ್ಸ್ ನೋಡುತ್ತಾ ಹೊಸ ಕೋಡುಗಳನ್ನು ಪಡೆಯುವ ಗುಂಡಿ ಒತ್ತಿ, ಬಂದ ಫೈಲನ್ನು ಗೂಗಲ್ ಡ್ರೈವ್‌ಗೆ ಹಾಕಿದ್ದಳು. ಹೊಸ ಪಟ್ಟಿ ಹುಟ್ಟಿದ ಗಳಿಗೆಗೆ ಹಳೆಯ ಪಟ್ಟಿಯ ಹತ್ತೂ ಕೋಡುಗಳು ರದ್ದಾಗುತ್ತವೆ, ಬಳಸಿರಲಿ ಬಿಡಲಿ. ಇದು ಗೂಗಲ್‌ನದೊಂದೇ ನಿಯಮವಲ್ಲ, ಗಿಟ್‌ಹಬ್‌ನಲ್ಲೂ ಹೀಗೇ. ಸರಿಯಾದ ಪಟ್ಟಿ ಡ್ರೈವ್‌ನಲ್ಲಿತ್ತು, ಡ್ರೈವ್ ಬೀಗದ ಆಚೆ ಇತ್ತು.

ತಪ್ಪಿದ ಕೋಡು ಬಳಸಿ ಮುಗಿದದ್ದೋ ರದ್ದಾದದ್ದೋ ಎಂದು ಪರದೆ ಬಿಡಿಸಿ ಹೇಳುವುದಿಲ್ಲ. ಅದನ್ನು ನಾವೇ ಊಹಿಸಬೇಕು. ಒಂದು ಕೋಡು ತಪ್ಪಾದರೆ ಬಳಸಿದ್ದಿರಬಹುದು, ಓದಿದ್ದು ಹೆಚ್ಚುಕಡಿಮೆ ಆಗಿರಬಹುದು. ಒಂದೇ ಹಾಳೆಯ ಎರಡು ಬೇರೆ ಬೇರೆ ಕೋಡು ತಪ್ಪಾದರೆ ಆ ಹಾಳೆಯೇ ಸತ್ತಿದೆ ಎಂದು ಕೈಬಿಡುವುದು ಒಳ್ಳೆಯದು. ಮುಂದುವರಿದರೆ ಗೂಗಲ್‌ಗೆ ಅನುಮಾನ ಹೆಚ್ಚುತ್ತದೆ, ಅಷ್ಟೇ ಲಾಭ.

ಲಾಗಿನ್ ಆಗಿದ್ದ ಲ್ಯಾಪ್‌ಟಾಪ್

ರಾತ್ರಿ ಒಂಬತ್ತೂವರೆಗೆ ಮನೆ ಸೇರಿದಳು. ಮೇಜಿನ ಮೇಲಿದ್ದ ಲ್ಯಾಪ್‌ಟಾಪಿನಲ್ಲಿ ಕ್ರೋಮ್ ತೆರೆದರೆ ಮೇಲ್ ಎಂದಿನಂತೆ ಬಂತು. ಆ ಬ್ರೌಸರ್ ಮೊದಲೇ ಲಾಗಿನ್ ಆಗಿತ್ತು.

ಫೋನ್ ಕಳೆದ ಹೊತ್ತಿನಲ್ಲಿ ಇಂಥ ಲ್ಯಾಪ್‌ಟಾಪು ಬ್ಯಾಕಪ್ ಕೋಡಿನಷ್ಟೇ ಬೆಲೆಯುಳ್ಳದ್ದು. ಆದರೆ ಗಾಬರಿಯಲ್ಲಿ ಜನ ಮೊದಲು ಹಾಳುಮಾಡುವುದೂ ಇದನ್ನೇ: ಎಲ್ಲ ಕಡೆಯಿಂದ ಲಾಗೌಟ್ ಮಾಡಿಬಿಡುತ್ತಾರೆ, ಕುಕೀಸ್ ಅಳಿಸುತ್ತಾರೆ, "ಸುರಕ್ಷತೆಗೆ" ಎಂದು ಬ್ರೌಸರ್ ರೀಸೆಟ್ ಮಾಡುತ್ತಾರೆ. ಐದೂ ಖಾತೆ ಸರಿಹೋಗುವ ತನಕ ಆ ಬ್ರೌಸರ್‌ನಲ್ಲಿ ಏನನ್ನೂ ಲಾಗೌಟ್ ಮಾಡಬಾರದು.

ಆಕೆ ಕೆಲಸ ಮಾಡಿದ ಕ್ರಮ ಹೀಗಿತ್ತು, ಈ ಕ್ರಮಕ್ಕೆ ಕಾರಣವಿದೆ. ಮೊದಲು ಗೂಗಲ್‌ನ ಫೋನ್ ಹುಡುಕುವ ಪುಟ, ಅಂದರೆ `android.com/find`, ತೆರೆದು ಫೋನಿಗೆ ಲಾಕ್ ಆಜ್ಞೆ ಕೊಟ್ಟು, ಅಣ್ಣನ ನಂಬರನ್ನು ಪರದೆಯ ಮೇಲೆ ಕಾಣುವಂತೆ ಹಾಕಿದಳು. ಫೋನ್ ಆಫ್ ಆಗಿದ್ದರೆ ಮತ್ತೆ ಇಂಟರ್ನೆಟ್ ಸಿಕ್ಕಾಗ ಆ ಆಜ್ಞೆ ತಲುಪುತ್ತದೆ. ಖಾತೆಯ ಸಾಧನಗಳ ಪಟ್ಟಿಯಿಂದ ಫೋನನ್ನು ತೆಗೆದುಹಾಕುವುದು ಇದಾದ ಮೇಲೆ. ಮೊದಲೇ ತೆಗೆದರೆ ಫೋನ್ ಹುಡುಕುವ ಸೌಲಭ್ಯ ಅದರೊಂದಿಗೇ ಹೋಗುತ್ತದೆ. ಆಕೆ ಎರಡು ದಿನ ಕಾದು ತೆಗೆದಳು.

ಆಮೇಲೆ `myaccount.google.com` ಒಳಗೆ "Security", ಅಲ್ಲಿ "2-Step Verification". ಇಲ್ಲಿ ಗೂಗಲ್ ಪಾಸ್‌ವರ್ಡನ್ನು ಮತ್ತೊಮ್ಮೆ ಕೇಳುತ್ತದೆ. ಈ ಬ್ರೌಸರ್‌ಗೆ ಹಿಂದೆ "Don't ask again on this device" ಎಂದು ಗುರುತು ಹಾಕಿದ್ದರಿಂದ ಪಾಸ್‌ವರ್ಡ್ ಒಂದೇ ಸಾಕಾಯಿತು. ಆ ಗುರುತು ಇಲ್ಲದಿದ್ದರೆ ಎರಡನೇ ಹಂತವನ್ನೂ ಕೇಳಬಹುದು. ಆಗ ಡ್ರೈವ್‌ನಲ್ಲಿದ್ದ ಪಟ್ಟಿ ಕೆಲಸಕ್ಕೆ ಬರುತ್ತಿತ್ತು, ಏಕೆಂದರೆ ಡ್ರೈವ್ ಈ ಬ್ರೌಸರ್‌ನಲ್ಲಿ ತೆರೆದೇ ಇತ್ತು.

ಒಳಗೆ ಹೋದ ಮೇಲೆ ಮೊದಲು "Backup codes" ತೆರೆದು ಹೊಸ ಹತ್ತು ಕೋಡು ಪಡೆದು, ಪ್ರಿಂಟರ್ ಇಲ್ಲದ್ದರಿಂದ ಪೆನ್ನಿನಲ್ಲಿ ಬರೆದುಕೊಂಡಳು. ಅಥೆಂಟಿಕೇಟರ್ ಬದಲಿಸಿದ್ದು ಆನಂತರ. ಹೊಸ ಆ್ಯಪ್ ಹಾಕುವಾಗ ಏನಾದರೂ ಎಡವಟ್ಟಾಗಿ ಹೊರಬಿದ್ದರೆ ವಾಪಸು ಬರಲು ಕೈಯಲ್ಲೊಂದು ದಾರಿ ಇರಬೇಕು. ಹಾಳೆಯ ಮೇಲ್ತುದಿಗೆ ಅಂದಿನ ದಿನಾಂಕ ಬರೆದಳು, ಬೀರುವಿನ ಹಳೇ ಹಾಳೆಯನ್ನು ಹರಿದು ಹಾಕಿದಳು. ದಿನಾಂಕವಿಲ್ಲದ ಎರಡು ಹಾಳೆ ಮನೆಯಲ್ಲಿದ್ದರೆ ಯಾವುದು ಬದುಕಿದೆ ಎಂದು ದೇವರಿಗೇ ಗೊತ್ತು.

ಎರಡು ನಿಮಿಷ ಹಿಂದಿದ್ದ ಗಡಿಯಾರ

ಹೊಸ ಫೋನ್ ಕೊಳ್ಳುವ ತನಕ ಇರಲಿ ಎಂದು ಡ್ರಾಯರ್‌ನಲ್ಲಿದ್ದ ಐದು ವರ್ಷ ಹಳೆಯ ಫೋನನ್ನು ಚಾರ್ಜ್‌ಗೆ ಹಾಕಿ, ವೈಫೈಗೆ ಜೋಡಿಸಿ, ಅಥೆಂಟಿಕೇಟರ್ ಹಾಕಿದಳು. ಲ್ಯಾಪ್‌ಟಾಪಿನಲ್ಲಿ "Change authenticator app" ಒತ್ತಿದಾಗ ಕ್ಯೂಆರ್ ಬಂತು, ಸ್ಕ್ಯಾನ್ ಆಯಿತು, ಆರಂಕಿ ಬಂತು, ಹಾಕಿದರೆ ತಪ್ಪು. ಮುಂದಿನ ಕೋಡಿಗೆ ಕಾದು ಹಾಕಿದರೂ ತಪ್ಪು. ಅಮ್ಮನ ಹಾಳೆಯ ಅನುಭವ ಆಗಷ್ಟೇ ಆಗಿತ್ತು, ಈ ಸಲ ಅಲ್ಲಿಗೇ ನಿಲ್ಲಿಸಿದಳು.

ಹೊಸದಾಗಿ ಸ್ಕ್ಯಾನ್ ಮಾಡಿದ ಕೋಡೂ ತಪ್ಪು ಎಂದು ಬರುತ್ತಿದ್ದರೆ ಕೀಲಿಯಲ್ಲಿ ದೋಷ ಇರುವುದು ಅಪರೂಪ, ನೋಡಬೇಕಾದ್ದು ಗಡಿಯಾರ. ಡ್ರಾಯರ್‌ನಲ್ಲಿದ್ದ ಫೋನಿನಲ್ಲಿ ಸಮಯವನ್ನು ಕೈಯಿಂದ ಹೊಂದಿಸುವಂತೆ ಇಟ್ಟಿತ್ತು, ಅದು ಎರಡು ನಿಮಿಷ ಹಿಂದಿತ್ತು. ಎರಡು ನಿಮಿಷ ಎಂದರೆ 30 ಸೆಕೆಂಡಿನ ನಾಲ್ಕು ತುಂಡು. ಸರ್ವರ್‌ಗಳು ಸಾಮಾನ್ಯವಾಗಿ ಆಚೀಚೆ ಒಂದು ತುಂಡಿನ ವ್ಯತ್ಯಾಸವನ್ನಷ್ಟೇ ಮನ್ನಿಸುತ್ತವೆ. ಫೋನಿನ ದಿನಾಂಕ ಮತ್ತು ಸಮಯದ ಸೆಟ್ಟಿಂಗ್‌ನಲ್ಲಿ ತಾನಾಗಿ ಹೊಂದಿಕೊಳ್ಳುವ ಆಯ್ಕೆ ಹಾಕಿದೊಡನೆ ಅದೇ ಆ್ಯಪ್, ಅದೇ ಕೀಲಿ, ಸರಿಯಾದ ಕೋಡು ತೋರಿಸಿತು.

ಈ ಖಾತ್ರಿಯ ಹಂತ ಮುಗಿಯುವ ತನಕ ಸರ್ವರ್ ಹೊಸ ಕೀಲಿಯನ್ನು ಒಪ್ಪಿಕೊಂಡಿರುವುದಿಲ್ಲ ಎನ್ನುವುದು ನೆನಪಿರಲಿ. ಕ್ಯೂಆರ್ ಸ್ಕ್ಯಾನ್ ಆಯಿತು, ಆ್ಯಪ್‌ನಲ್ಲಿ ಅಂಕಿ ಓಡುತ್ತಿದೆ ಎಂದು ಪುಟ ಮುಚ್ಚಿದವರ ಫೋನಿನಲ್ಲಿ ಯಾವ ಬಾಗಿಲಿಗೂ ಸೇರದ ಒಂದು ನಮೂದು ಉಳಿಯುತ್ತದೆ. ಮತ್ತೆ ಶುರು ಮಾಡಿದರೆ ಅದೇ ಹೆಸರಿನ ಎರಡನೇ ನಮೂದು ಬರುತ್ತದೆ. ಯಾವುದು ನಿಜ ಎಂದು ಗೊತ್ತಾಗದೆ ಸರಿಯಾದದ್ದನ್ನೇ ಅಳಿಸಿದವರಿದ್ದಾರೆ. ಖಾತ್ರಿಯಾದ ನಮೂದಿನ ಹೆಸರಿಗೆ ತಿಂಗಳನ್ನು ಸೇರಿಸಿ ಬದಲಾಯಿಸಿ, ಬೇರೊಂದು ಬ್ರೌಸರ್‌ನಲ್ಲಿ ಒಮ್ಮೆ ಲಾಗಿನ್ ಆಗಿ ನೋಡಿ, ಆಮೇಲೆ ಮಿಕ್ಕದ್ದನ್ನು ಅಳಿಸುವುದು ಕ್ಷೇಮ.

ಅದೇ ಕ್ಯೂಆರ್ ಪರದೆಯ ಮೇಲಿರುವಾಗಲೇ ಅಮ್ಮನ ಫೋನಿನಲ್ಲೂ ಆ್ಯಪ್ ಹಾಕಿ ಸ್ಕ್ಯಾನ್ ಮಾಡಿದಳು. ಎರಡೂ ಫೋನು ಒಂದೇ ಆರಂಕಿ ತೋರಿಸತೊಡಗಿದವು. ಕೀಲಿ ಒಂದೇ ಆದ್ದರಿಂದ ಇದರಲ್ಲಿ ಅಚ್ಚರಿಯೇನಿಲ್ಲ, ಆದರೆ ಈ ಉಪಾಯ ಹೊಳೆಯುವುದು ಕಡಿಮೆ ಜನರಿಗೆ. ಮನೆಯ ಇನ್ನೊಂದು ಫೋನಿನಲ್ಲಿ ಪ್ರತಿ ಇದ್ದರೆ ಒಂದು ಕಳೆದರೂ ಇನ್ನೊಂದು ಇರುತ್ತದೆ. ಆ ಫೋನಿಗೆ ಲಾಕ್ ಇರಬೇಕು ಎಂಬುದಷ್ಟೇ ಷರತ್ತು.

ಗಿಟ್‌ಹಬ್: ಹತ್ತು ನಿಮಿಷ

ಗಿಟ್‌ಹಬ್ ಆ ಲ್ಯಾಪ್‌ಟಾಪಿನಲ್ಲಿ ಲಾಗಿನ್ ಆಗಿರಲಿಲ್ಲ. ಆದರೆ Downloads ಫೋಲ್ಡರ್‌ನಲ್ಲಿ ಹುಡುಕಿದಾಗ `github-recovery-codes.txt` ಸಿಕ್ಕಿತು. ಎರಡು ಹಂತದ ಭದ್ರತೆ ಹಾಕುವಾಗ ಗಿಟ್‌ಹಬ್ ಈ ಫೈಲನ್ನು ಇಳಿಸಿಕೊಳ್ಳಿ ಎಂದು ಒತ್ತಾಯಿಸುತ್ತದೆ. ಬಹಳ ಮಂದಿ ಓದದೆ ಒತ್ತಿರುತ್ತಾರೆ, ಹಾಗಾಗಿ ತಮ್ಮ ಹತ್ತಿರ ಅದು ಇದೆ ಎಂದೇ ಅವರಿಗೆ ಗೊತ್ತಿರುವುದಿಲ್ಲ. ಬೇರೆ ಸೇವೆಗಳ ಫೈಲುಗಳಿಗೂ ಹೆಸರಿನಲ್ಲಿ backup ಅಥವಾ recovery ಎಂಬ ಪದ ಇರುವುದೇ ಹೆಚ್ಚು. ಫೋನ್ ಕಳೆದವರು ತಮ್ಮ ಕಂಪ್ಯೂಟರ್‌ನಲ್ಲಿ ಮೊದಲು ಈ ಎರಡು ಪದ ಹಾಕಿ ಹುಡುಕಬೇಕು.

ಪಾಸ್‌ವರ್ಡ್ ಹಾಕಿ, "Use a recovery code" ಆರಿಸಿ, ಮೊದಲ ಕೋಡು ಹಾಕಿದಳು, ಒಳಗೆ ಹೋಯಿತು. "Settings" ಒಳಗಿನ "Password and authentication" ಪುಟದಲ್ಲಿ ಅಥೆಂಟಿಕೇಟರ್ ಅನ್ನು ಹೊಸದಾಗಿ ಹೊಂದಿಸಿ, ಹೊಸ ಪಟ್ಟಿ ಪಡೆದು ಬರೆದುಕೊಂಡಳು. ಆ ಫೈಲ್ ಸಿಗದೇ ಹೋಗಿದ್ದರೆ ಮಾತು ಬೇರೆ. ಆಗ ಗಿಟ್‌ಹಬ್ ಹಿಂದೆ ಬಳಸಿದ ಸಾಧನ, ಎಸ್ಎಸ್ಎಚ್ ಕೀ ಅಥವಾ ಟೋಕನ್ ಇವುಗಳಲ್ಲಿ ಒಂದನ್ನು ಕೇಳುತ್ತದೆ, ಕೊಟ್ಟ ಮೇಲೂ ಅವರ ಪರಿಶೀಲನೆಗೆ ಮೂರು ಕೆಲಸದ ದಿನದವರೆಗೆ ಕಾಯಬೇಕು. ಯಾವುದೂ ಇಲ್ಲದಿದ್ದರೆ ಖಾತೆ ಹೋಯಿತೆಂದೇ ಲೆಕ್ಕ.

ಭಾನುವಾರ: ಹೊಸ ಸಿಮ್, ಆದರೆ ಎಸ್ಎಂಎಸ್ ಇಲ್ಲ

ಭಾನುವಾರ ಹನ್ನೊಂದು ಗಂಟೆಗೆ ಆಧಾರ್ ತೋರಿಸಿ ಅದೇ ನಂಬರಿನ ಸಿಮ್ ಪಡೆದಳು. ಕರೆ ಬಂತು, ಡೇಟಾ ಬಂತು, ಒಟಿಪಿ ಮಾತ್ರ ಬರಲಿಲ್ಲ. ಸಿಮ್ ಹಾಳಾಗಿದೆ ಎಂದು ಅಂಗಡಿಗೆ ಮತ್ತೆ ಓಡಬೇಕಿಲ್ಲ. ನಮ್ಮ ದೇಶದಲ್ಲಿ ಸಿಮ್ ಬದಲಿಸಿದ ಮೇಲೆ 24 ಗಂಟೆ ಎಸ್ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಬೇರೆಯವರು ನಿಮ್ಮ ಹೆಸರಿನಲ್ಲಿ ಸಿಮ್ ತೆಗೆದು ಬ್ಯಾಂಕ್ ಒಟಿಪಿ ಕದಿಯದಂತೆ ಮಾಡಿರುವ ತಡೆ ಇದು.

"ಕೋಡ್ ಹೋದರೇನು, ಎಸ್ಎಂಎಸ್ ಇದೆಯಲ್ಲ" ಎಂದುಕೊಂಡವರ ಲೆಕ್ಕ ತಪ್ಪುವುದು ಇಲ್ಲೇ. ಫೋನ್ ಕಳೆದಾಗ ಸಿಮ್ಮೂ ಕಳೆದಿರುತ್ತದೆ, ಹೊಸ ಸಿಮ್ ಸಿಕ್ಕ ಮೇಲೂ ಒಂದು ದಿನ ಎಸ್ಎಂಎಸ್ ಇರುವುದಿಲ್ಲ. ಬ್ರೋಕರ್ ಖಾತೆಯ ಕತೆ ಇಷ್ಟೇ ಆಯಿತು. ಅಲ್ಲಿ ಮೇಲ್ ಒಟಿಪಿ ಮತ್ತು ಎಸ್ಎಂಎಸ್ ಒಟಿಪಿ ಎರಡನ್ನೂ ಕೊಟ್ಟರೆ ಹಳೇ ಅಥೆಂಟಿಕೇಟರ್ ತೆಗೆದು ಹೊಸದು ಹಾಕಬಹುದಿತ್ತು. ಮೇಲ್ ಶನಿವಾರವೇ ಕೈಗೆ ಬಂದಿದ್ದರೂ ಎಸ್ಎಂಎಸ್‌ಗಾಗಿ ಸೋಮವಾರ ಮಧ್ಯಾಹ್ನದ ತನಕ ಕಾಯಬೇಕಾಯಿತು. ಸೋಮವಾರ ಬೆಳಗ್ಗೆ ಮಾರುಕಟ್ಟೆ ತೆರೆದಾಗ ಆಕೆ ಹೊರಗಿದ್ದಳು.

ಪೊಲೀಸ್ ದೂರನ್ನು ಕರ್ನಾಟಕ ಪೊಲೀಸರ ಇ-ಲಾಸ್ಟ್ ಸೇವೆಯಲ್ಲಿ ಮನೆಯಿಂದಲೇ ದಾಖಲಿಸಿದಳು. ಅದರ ಪ್ರತಿ, ಗುರುತಿನ ಚೀಟಿ, ಫೋನ್ ಡಬ್ಬಿಯ ಮೇಲಿದ್ದ ಹದಿನೈದು ಅಂಕಿಯ ಐಎಂಇಐ ಇವಿಷ್ಟನ್ನು `ceir.gov.in` ನಲ್ಲಿ ಕೊಟ್ಟರೆ ಆ ಫೋನ್ ಯಾವ ಸಿಮ್ ಹಾಕಿದರೂ ನೆಟ್‌ವರ್ಕ್ ಹಿಡಿಯದಂತೆ ಮಾಡುತ್ತಾರೆ. ಅಲ್ಲೂ ಒಟಿಪಿ ಬೇಕು, ಆದ್ದರಿಂದ ಅದೂ ಸೋಮವಾರಕ್ಕೇ ಹೋಯಿತು.

ಕಂಪನಿಯ ಖಾತೆ

ಮೈಕ್ರೋಸಾಫ್ಟ್ ಖಾತೆ ಆಕೆಯದಲ್ಲ, ಗ್ರಾಹಕ ಕಂಪನಿಯದು. ಇಂಥ ಖಾತೆಗೆ ಬ್ಯಾಕಪ್ ಕೋಡ್ ಹುಡುಕುತ್ತಾ ಕೂರುವುದು ದಂಡ, ಅಲ್ಲಿನ ಐಟಿ ಅಡ್ಮಿನ್‌ಗೆ ಹೇಳಬೇಕು. ಅವರು ಹಳೆಯ ವಿಧಾನ ಅಳಿಸಿ, ಟೆಂಪರರಿ ಆಕ್ಸೆಸ್ ಪಾಸ್ ಎಂಬ ತಾತ್ಕಾಲಿಕ ಪಾಸ್‌ಕೋಡ್ ಕೊಟ್ಟರು. ಅಡ್ಮಿನ್ ಬೇರೆ ಅವಧಿ ಹಾಕದಿದ್ದರೆ ಅದು ಒಂದು ಗಂಟೆ ಬದುಕಿರುತ್ತದೆ. ಆದ್ದರಿಂದ ಹೊಸ ಫೋನ್, ಆ್ಯಪ್, ಲ್ಯಾಪ್‌ಟಾಪ್ ಮೂರೂ ಮುಂದಿಟ್ಟುಕೊಂಡೇ ಕೇಳಬೇಕು, ಬಸ್ಸಿನಲ್ಲಿ ಹೋಗುತ್ತಾ ಕೇಳಿದರೆ ಇನ್ನೊಮ್ಮೆ ಕೇಳಬೇಕಾಗುತ್ತದೆ. ಸೋಮವಾರ ಸಂಜೆಗೆ `mysignins.microsoft.com/security-info` ಪುಟದಲ್ಲಿ ಆ ಕೆಲಸ ಮುಗಿಯಿತು.

ಹದಿಮೂರು ದಿನ

ಉಳಿದದ್ದು ಡೊಮೇನ್ ಖಾತೆ. ಅಲ್ಲಿ ಎರಡು ಹಂತದ ಭದ್ರತೆ ಹಾಕಿದ ದಿನ ಬ್ಯಾಕಪ್ ಕೋಡುಗಳ ಪುಟ ಬಂದಿತ್ತು. ಆಕೆ "ಬರೆದುಕೊಂಡಿದ್ದೇನೆ" ಎಂಬ ಚೌಕಕ್ಕೆ ಗುರುತು ಹಾಕಿ ಮುಂದೆ ಹೋಗಿದ್ದಳು. ಲ್ಯಾಪ್‌ಟಾಪಿನಲ್ಲಿ ಲಾಗಿನ್ ಇರಲಿಲ್ಲ, ಎಸ್ಎಂಎಸ್ ದಾರಿಯೂ ಇರಲಿಲ್ಲ.

ಸಹಾಯವಾಣಿಗೆ ಬರೆದಾಗ ಗುರುತಿನ ಚೀಟಿಯ ಪ್ರತಿ, ಕೊನೆಯ ಪಾವತಿಯ ರಸೀದಿ, ಖಾತೆಯ ಮೇಲ್ ವಿಳಾಸದಿಂದಲೇ ಒಂದು ಕೋರಿಕೆ ಕೇಳಿದರು. ಕಳಿಸಿದ ಪ್ಯಾನ್ ಕಾರ್ಡಿನಲ್ಲಿ ಹೆಸರಿನ ಜೊತೆ ತಂದೆಯ ಹೆಸರು ಪೂರ್ತಿಯಾಗಿತ್ತು, ಖಾತೆಯಲ್ಲಿ ಇನಿಷಿಯಲ್ ಮಾತ್ರ ಇತ್ತು. ನಮ್ಮ ಕಡೆಯ ಹೆಸರುಗಳಿಗೆ ಈ ತೊಂದರೆ ಹೊಸತಲ್ಲ. ಹೆಸರು ಹೊಂದುತ್ತಿಲ್ಲ ಎಂದು ಐದನೆಯ ದಿನ ತಿರಸ್ಕಾರ ಬಂತು. ಎರಡೂ ರೀತಿಯ ಹೆಸರಿರುವ ಇನ್ನೊಂದು ದಾಖಲೆ ಕಳಿಸಿ ಮತ್ತೆ ಸಾಲಿನ ಹಿಂದೆ ನಿಂತಳು. ಈ ನಡುವೆ ಒಬ್ಬ ಗ್ರಾಹಕರು ಮೇಲ್ ಸೇವೆ ಬದಲಿಸಬೇಕೆಂದಿದ್ದರು. ಅದಕ್ಕೆ ಡೊಮೇನಿನ ವಿಳಾಸಪಟ್ಟಿಯಾದ ಡಿಎನ್ಎಸ್‌ನಲ್ಲಿ ಎರಡು ಸಾಲು ತಿದ್ದಬೇಕಿತ್ತು, ಐದು ನಿಮಿಷದ ಕೆಲಸ. ಅದು ಎರಡು ವಾರ ನಿಂತಿತು. ಇದೇ ದಿನಗಳಲ್ಲಿ ಯಾವುದಾದರೂ ಡೊಮೇನ್‌ನ ನವೀಕರಣ ಬಂದಿದ್ದರೆ ನಷ್ಟ ಇನ್ನೂ ದೊಡ್ಡದಾಗುತ್ತಿತ್ತು.

ಸಹಾಯವಾಣಿಯವರು ಇಷ್ಟು ಸತಾಯಿಸುವುದನ್ನು ಬೈಯುವುದು ಸುಲಭ. ಆದರೆ "ನನ್ನ ಫೋನ್ ಕಳೆದಿದೆ, ಎರಡನೇ ಹಂತ ತೆಗೆಯಿರಿ" ಎಂದು ಕಳ್ಳನೂ ಇದೇ ಮಾತಿನಲ್ಲಿ ಬರೆಯುತ್ತಾನೆ. ಒಂದೇ ಮೇಲ್‌ಗೆ ತೆಗೆದುಕೊಡುವ ಸೇವೆಯಲ್ಲಿ ಆ ಭದ್ರತೆ ಇದ್ದೂ ಇಲ್ಲದಂತೆ.

ಹದಿಮೂರನೆಯ ದಿನ ಖಾತೆ ತೆರೆಯಿತು. ಈ ಸಲ ಕ್ಯೂಆರ್ ಪಕ್ಕದಲ್ಲಿ ಬರುವ ಅಕ್ಷರರೂಪದ ಸೆಟಪ್ ಕೀಯನ್ನೂ ಬರೆದುಕೊಂಡಳು. ಅದು ಇದ್ದರೆ ಯಾವ ಫೋನಿನಲ್ಲಾದರೂ ಕೈಯಿಂದ ಒತ್ತಿ ಅದೇ ಕೋಡನ್ನು ಮತ್ತೆ ಹುಟ್ಟಿಸಬಹುದು. ಬ್ಯಾಕಪ್ ಕೋಡಿಗಿಂತ ಇದು ಬಲಶಾಲಿ, ಅಷ್ಟೇ ಅಪಾಯಕಾರಿ ಕೂಡ: ಬ್ಯಾಕಪ್ ಕೋಡು ಒಂದು ಸಲಕ್ಕೆ ಮುಗಿಯುತ್ತದೆ, ಸೆಟಪ್ ಕೀ ಕದ್ದವನ ಹತ್ತಿರ ಅದು ಬದಲಿಸುವ ತನಕ ನಡೆಯುತ್ತದೆ. ಹೀಗಾಗಿ ಸೆಟಪ್ ಕೀ ಇರುವ ಹಾಳೆ ಲಕೋಟೆಯಲ್ಲಿ ಅಣ್ಣನ ಮನೆಯ ಬೀರು ಸೇರಿತು, ಪಾಸ್‌ವರ್ಡ್‌ಗಳು ಅದರಲ್ಲಿಲ್ಲ. ಬ್ಯಾಕಪ್ ಕೋಡುಗಳ ಹಾಳೆ ಎಲ್‌ಐಸಿ ಫೈಲಿಗೆ ಹೋಯಿತು, ಅದರ ಒಂದು ಪ್ರತಿ ಆಕೆಯ ಪರ್ಸಿನಲ್ಲಿದೆ. ಪರ್ಸಿನ ಪ್ರತಿಯಲ್ಲಿ ಗೂಗಲ್‌ನ ಎರಡು ಕೋಡು ಮಾತ್ರ, ಅವು ಯಾವ ಖಾತೆಯವು ಎಂದು ಬರೆದಿಲ್ಲ.

ಮೂರು ವಾರದ ನಂತರ ಠಾಣೆಯಿಂದ ಕರೆ ಬಂತು. ಆಟೋದ ಹಿಂದಿನ ಸೀಟು ರಿಪೇರಿಗೆ ಬಿಚ್ಚಿದಾಗ ಸಂದಿಯಲ್ಲಿ ಸಿಕ್ಕ ಫೋನನ್ನು ಡ್ರೈವರ್ ತಂದುಕೊಟ್ಟಿದ್ದರು. ಬ್ಲಾಕ್ ತೆಗೆಸಲು ಅದೇ ಸಿಇಐಆರ್ ಪುಟದಲ್ಲಿ ಮೊದಲ ಕೋರಿಕೆಯ ಐಡಿ ಕೊಡಬೇಕು, ಅದನ್ನು ಆಕೆ ಇಟ್ಟುಕೊಂಡಿದ್ದಳು. ಚಾರ್ಜ್‌ಗೆ ಹಾಕಿ ಅಥೆಂಟಿಕೇಟರ್ ತೆರೆದರೆ ಐದೂ ನಮೂದುಗಳು ಹಾಗೇ ಇದ್ದವು, ಮೂವತ್ತು ಸೆಕೆಂಡಿಗೊಮ್ಮೆ ಅಂಕಿ ಬದಲಿಸುತ್ತಿದ್ದವು. ಗಿಟ್‌ಹಬ್‌ನದೊಂದನ್ನು ಹಾಕಿ ನೋಡಿದಳು. ತಪ್ಪು ಕೋಡು ಎಂದು ಬಂತು. ಐದನ್ನೂ ಅಳಿಸಿದಳು.